ಚೀಟಿ ಇಲ್ಲದೆ ಕೊಡಲಾರೆ: ಮಾಲೀಕರಿಗೆ ಫಾರ್ಮಸಿಸ್ಟ್ ಬರೆಯುವ ಪತ್ರ

ವೈದ್ಯರ ಚೀಟಿ ಇಲ್ಲದೆ ಇಂತಿಂಥ ಔಷಧಗಳನ್ನು ಕೊಡಲಾಗದು ಎಂದು ಔಷಧ ಅಂಗಡಿಯ ಫಾರ್ಮಸಿಸ್ಟ್ ತನ್ನ ಮಾಲೀಕರಿಗೆ ಬರೆದುಕೊಡುವ ಪತ್ರ ಒಂದು ಪುಟದಲ್ಲಿ ಮುಗಿಯುವಂಥದ್ದು. ಅದು ರಾಜೀನಾಮೆಯಲ್ಲ, ದೂರೂ ಅಲ್ಲ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಹೇಳಿ ಸಾಕಾದ ಮೇಲೆ, ಹೇಳಿದ್ದಕ್ಕೆ ಒಂದು ದಾಖಲೆ ಇರಲಿ ಎಂದು ಬರೆಯುವ ಕಾಗದ. ಬರೆಯುವವರು ನೌಕರರು, ಓದುವವರು ಸಂಬಳ ಕೊಡುವವರು. ಹೀಗಿದ್ದೂ ಈ ಒಂದು ವಿಷಯದಲ್ಲಿ ‘ಆಗದು’ ಎನ್ನುವ ಅಧಿಕಾರವನ್ನು ಕಾನೂನು ನೌಕರನ ಕೈಗೇ ಕೊಟ್ಟಿದೆ.

ಅದಕ್ಕೆ ಕಾರಣ ಅಂಗಡಿಯ ಪರವಾನಗಿಯ ಸ್ವರೂಪದಲ್ಲೇ ಇದೆ. ಚಿಲ್ಲರೆ ಔಷಧ ಮಾರಾಟಕ್ಕೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಹಾಗೂ 1945ರ ನಿಯಮಗಳ ಅಡಿಯಲ್ಲಿ ಫಾರಂ 20 ಮತ್ತು 21ರ ಲೈಸೆನ್ಸ್ ಬೇಕು. ಲೈಸೆನ್ಸ್ ಮಾಲೀಕರದು, ಬಂಡವಾಳ, ಬಾಡಿಗೆ, ಗಲ್ಲಾ ಎಲ್ಲವೂ ಅವರದೇ. ಆದರೆ ವೈದ್ಯರ ಚೀಟಿಯ ಮೇಲೆ ಕೊಡಬೇಕಾದ ಯಾವುದೇ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ಸ್ವತಃ ಕೊಡಬೇಕು, ಇಲ್ಲವೇ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಬೇಕು ಎಂದು 65ನೇ ನಿಯಮ ಹೇಳುತ್ತದೆ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮಿನದೂ ಇದೇ ಮಾತು. ಹೀಗಾಗಿ ಚೀಟಿ ಇಲ್ಲದೆ ಹೋದ ಒಂದೊಂದು ಸ್ಟ್ರಿಪ್ಪಿಗೂ ಮಾಲೀಕರಷ್ಟೇ ಫಾರ್ಮಸಿಸ್ಟೂ ಉತ್ತರ ಹೇಳಬೇಕಾಗುತ್ತದೆ. ಲಾಭದಲ್ಲಿ ಪಾಲಿಲ್ಲದವರಿಗೆ ಹೊಣೆಯಲ್ಲಿ ಪಾಲಿದೆ. ಪತ್ರ ಹುಟ್ಟುವುದು ಇಲ್ಲಿಂದ.

ಉದಾಹರಣೆಗೆ ತಾಲ್ಲೂಕು ಕೇಂದ್ರವೊಂದರ ಬಸ್ ನಿಲ್ದಾಣದ ಪಕ್ಕದ ಮೆಡಿಕಲ್ ಸ್ಟೋರ್ ಒಂದನ್ನು ಇಟ್ಟುಕೊಳ್ಳಬಹುದು. ಅಂಗಡಿ ಕಲ್ಪಿತ, ಕಾನೂನು ಮಾತ್ರ ನಿಜದ್ದು. ಮಾಲೀಕರಿಗೆ ಬೇರೆ ವ್ಯಾಪಾರವೂ ಇದೆ, ಸಂಜೆ ಬಂದು ಲೆಕ್ಕ ನೋಡುತ್ತಾರೆ. ಕೌಂಟರಿನಲ್ಲಿ ಡಿ.ಫಾರ್ಮ ಓದಿದ ಫಾರ್ಮಸಿಸ್ಟ್ ಮತ್ತು ಒಬ್ಬ ಸಹಾಯಕ ಹುಡುಗ. ನಿದ್ದೆ ಮಾತ್ರೆ ಕೇಳಿ ಬಂದ ಗಿರಾಕಿಗೆ ಚೀಟಿ ತನ್ನಿ ಎಂದರೆ ಅವರು ಎದುರಿನ ಅಂಗಡಿಗೆ ಹೋಗುತ್ತಾರೆ. ಸಂಜೆ ಮಾಲೀಕರ ಮಾತು: ‘ಅಲ್ಲಿ ಕೊಡ್ತಾರಲ್ರೀ, ನಿಮಗೊಬ್ಬರಿಗೇ ಯಾಕೆ ಕಾನೂನು?’ ಈ ಪ್ರಶ್ನೆಗೆ ಸಿಟ್ಟಿನಲ್ಲಿ ಬರೆದ ಪತ್ರ ನಿಲ್ಲುವುದಿಲ್ಲ. ‘ಅಕ್ರಮ ಔಷಧಗಳನ್ನು ಮಾರುವುದಿಲ್ಲ’ ಎಂಬ ಗುಂಡು ಸಾಲೂ ನಿಲ್ಲುವುದಿಲ್ಲ. ಕಪಾಟಿನಲ್ಲಿರುವ ಔಷಧಗಳಲ್ಲಿ ಯಾವುದೂ ಅಕ್ರಮವಲ್ಲ, ಕೊಡುವ ಕ್ರಮದಲ್ಲಷ್ಟೇ ವ್ಯತ್ಯಾಸ. ಆದ್ದರಿಂದ ಯಾವ ಔಷಧ, ಯಾವ ಷರತ್ತಿನ ಮೇಲೆ ಎಂಬುದನ್ನು ಪತ್ರ ಮೊದಲೇ ಬಿಡಿಸಿ ಹೇಳಬೇಕಾಗುತ್ತದೆ.

ಷರತ್ತುಗಳು ಮುಖ್ಯವಾಗಿ ಮೂರು ಪಟ್ಟಿಗಳಲ್ಲಿವೆ. ಷೆಡ್ಯೂಲ್ ಎಚ್ ದೊಡ್ಡದು. ಅಮಾಕ್ಸಿಸಿಲಿನ್, ಅಜಿತ್ರೊಮೈಸಿನ್‌ನಂಥ ಆ್ಯಂಟಿಬಯಾಟಿಕ್‌ಗಳು, ಬಿಪಿಯ ಹಲವು ಮಾತ್ರೆಗಳು, ಗರ್ಭಪಾತದ ಮಾತ್ರೆಗಳು ಇದರಲ್ಲಿ ಬರುತ್ತವೆ. ಮುಖ ಬೆಳ್ಳಗಾಗಲೆಂದು ಜನ ಕೇಳಿ ಒಯ್ಯುವ ಸ್ಟೆರಾಯ್ಡ್ ಮುಲಾಮುಗಳೂ 2018ರಿಂದ ಈ ಸಾಲಿಗೆ ಸೇರಿವೆ. ಇವುಗಳ ಸ್ಟ್ರಿಪ್ ಮೇಲೆ Rx ಗುರುತು ಇರುತ್ತದೆ. ಷೆಡ್ಯೂಲ್ ಎಚ್1 ಅನ್ನು 2013ರಲ್ಲಿ ಪ್ರಕಟಿಸಿ 2014ರ ಮಾರ್ಚ್ 1ರಿಂದ ಜಾರಿಗೆ ತಂದರು. ಮೊದಲ ಪಟ್ಟಿಯಲ್ಲಿ 46 ಔಷಧಗಳಿದ್ದವು: ಸೆಫಿಕ್ಸಿಮ್, ಲಿವೊಫ್ಲಾಕ್ಸಾಸಿನ್‌ನಂಥ ಮೇಲ್ದರ್ಜೆಯ ಆ್ಯಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು, ಆಲ್ಪ್ರಜೋಲಾಮ್, ಡಯಾಜೆಪಾಮ್, ಟ್ರಮಡಾಲ್, ಕೊಡೀನ್‌ನಂಥ ಚಟ ಹತ್ತಿಸಬಲ್ಲವು. ಇವುಗಳ ಮೇಲಿನ Rx ಕೆಂಪಕ್ಷರದಲ್ಲಿರುತ್ತದೆ, ಎಚ್ಚರಿಕೆಯ ಮಾತು ಕೆಂಪು ಚೌಕಟ್ಟಿನೊಳಗೆ ಇರುತ್ತದೆ. ಮೂರನೆಯದು ಷೆಡ್ಯೂಲ್ ಎಕ್ಸ್. ಕೆಟಮೈನ್, ಮೀಥೈಲ್‌ಫೆನಿಡೇಟ್ ಮುಂತಾದ ಕೆಲವೇ ಔಷಧಗಳ ಈ ಪಟ್ಟಿಗೆ ಫಾರಂ 20ಎಫ್ ಎಂಬ ಪ್ರತ್ಯೇಕ ಲೈಸೆನ್ಸ್, ಬೀಗ ಹಾಕಿದ ಕಪಾಟು, ಎರಡು ಪ್ರತಿಯ ಚೀಟಿ ಎಲ್ಲವೂ ಬೇಕು. ಬಸ್ ನಿಲ್ದಾಣದ ಅಂಗಡಿಗೆ ಆ ಲೈಸೆನ್ಸ್ ಇಲ್ಲದಿದ್ದರೆ ಪತ್ರದಲ್ಲಿ ಅದರ ಪ್ರಸ್ತಾಪವೇ ಬೇಕಿಲ್ಲ.

ಜಗಳ ನಡೆಯುವುದು ಎಚ್ ಮತ್ತು ಎಚ್1ರ ಸುತ್ತ. ಪತ್ರದ ಮೊದಲ ಪರಿಚ್ಛೇದ ಹೀಗಿರಬಹುದು:

‘ಮಾನ್ಯರೇ, ನಮ್ಮ ಅಂಗಡಿಯಲ್ಲಿ ಷೆಡ್ಯೂಲ್ ಎಚ್ ಮತ್ತು ಎಚ್1 ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಕೊಡಲು ನನ್ನಿಂದ ಆಗುವುದಿಲ್ಲ ಎಂದು ಈ ಮೂಲಕ ತಿಳಿಸುತ್ತಿದ್ದೇನೆ. ಈ ತಿಂಗಳು ಚೀಟಿ ಇಲ್ಲದೆ ಕೇಳಿ ಬಂದವುಗಳಲ್ಲಿ ಹೆಚ್ಚಿನವು ಆಲ್ಪ್ರಜೋಲಾಮ್, ಟ್ರಮಡಾಲ್, ಸೆಫಿಕ್ಸಿಮ್ ಮತ್ತು ಗರ್ಭಪಾತದ ಕಿಟ್. ಪ್ಯಾರಾಸಿಟಮಾಲ್, ಓಆರ್‌ಎಸ್, ಆ್ಯಂಟಾಸಿಡ್ ಮೊದಲಾದವನ್ನು ಎಂದಿನಂತೆ ಕೊಡುತ್ತೇನೆ.’

ಕೊನೆಯ ವಾಕ್ಯ ಚಿಕ್ಕದು, ಆದರೆ ಬಿಡಬಾರದ್ದು. ಫಾರ್ಮಸಿಸ್ಟ್ ವ್ಯಾಪಾರವನ್ನೇ ನಿಲ್ಲಿಸಲು ಹೊರಟಿದ್ದಾರೆ ಎಂಬ ಮಾಲೀಕರ ಅನುಮಾನಕ್ಕೆ ಅದು ಉತ್ತರ.

ಕಾರಣ ಕೊಡುವಾಗ ‘ಜನರ ಆರೋಗ್ಯಕ್ಕೆ ಹಾನಿ’ ಎಂದಷ್ಟೇ ಬರೆದರೆ ಮಾಲೀಕರು ತಲೆಯಾಡಿಸಿ ಮಡಚಿಟ್ಟುಬಿಡುತ್ತಾರೆ. ಒಂದೆರಡು ಔಷಧಗಳ ನಿಜವಾದ ಅಪಾಯ ಬರೆದರೆ ಸಾಕು. ಕೆಮ್ಮು ಎಂದು ಬಂದವರಿಗೆ ಐದು ದಿನದ ಲಿವೊಫ್ಲಾಕ್ಸಾಸಿನ್ ಕೊಟ್ಟರೆ ಕೆಮ್ಮು ತಗ್ಗಬಹುದು. ಆ ಕೆಮ್ಮು ಕ್ಷಯದ್ದಾಗಿದ್ದರೆ ಅಪಾಯ ಅಲ್ಲೇ ಇದೆ: ಈ ಔಷಧ ಕ್ಷಯದ ಬ್ಯಾಕ್ಟೀರಿಯಾದ ಮೇಲೂ ಸ್ವಲ್ಪ ಕೆಲಸ ಮಾಡುವುದರಿಂದ ರೋಗ ವಾಸಿಯಾಗದೆ ಮರೆಯಾಗುತ್ತದೆ. ಕಫ ಪರೀಕ್ಷೆ ತಡವಾಗುತ್ತದೆ, ಅಷ್ಟರಲ್ಲಿ ಮನೆಯವರಿಗೆ ಹರಡುತ್ತದೆ, ಮುಂದೆ ಔಷಧಕ್ಕೆ ಬಗ್ಗದ ಕ್ಷಯವಾಗುವ ಸಾಧ್ಯತೆಯೂ ಹೆಚ್ಚುತ್ತದೆ. ರೋಗಿ ಮಾತ್ರ ಆ ಮೆಡಿಕಲ್‌ನವರು ಒಳ್ಳೆ ಮಾತ್ರೆ ಕೊಟ್ಟರು ಎಂದುಕೊಂಡೇ ಇರುತ್ತಾರೆ.

ಆಲ್ಪ್ರಜೋಲಾಮ್‌ನ ತೊಂದರೆ ಬೇರೆ ಥರದ್ದು. ಕೆಲವು ವಾರ ದಿನವೂ ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗಿಕೊಂಡು, ಮೊದಲಿನ ನಿದ್ದೆಗೆ ಹೆಚ್ಚು ಮಾತ್ರೆ ಬೇಕಾಗುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ತಳಮಳ, ಕೆಲವರಲ್ಲಿ ಫಿಟ್ಸ್ ಕೂಡ ಬರುತ್ತದೆ. ಮದ್ಯದ ಜೊತೆ ಅಥವಾ ಟ್ರಮಡಾಲ್ ಜೊತೆ ಸೇರಿದರೆ ಉಸಿರಾಟವೇ ಕುಂಠಿತವಾಗಬಹುದು. ಹಾಗಾಗಿ ವರ್ಷಗಟ್ಟಲೆ ಚೀಟಿ ಇಲ್ಲದೆ ಒಯ್ಯುತ್ತಿದ್ದವರನ್ನು ಒಂದು ದಿನ ‘ಇಲ್ಲ, ಹೋಗಿ’ ಎಂದು ಕಳಿಸಿದರೆ ಕಾನೂನು ಪಾಲಿಸಿದಂತಾಗುತ್ತದೆಯೇ ಹೊರತು ಆ ಮನುಷ್ಯನಿಗೆ ಒಳ್ಳೆಯದಾಗುವುದಿಲ್ಲ. ಬಲ್ಲ ಫಾರ್ಮಸಿಸ್ಟ್ ಪತ್ರದಲ್ಲಿ ಇದನ್ನೂ ಸೇರಿಸುತ್ತಾರೆ: ಇಂಥ ಗಿರಾಕಿಗಳನ್ನು ಅಂದೇ ತಾಲ್ಲೂಕು ಆಸ್ಪತ್ರೆಗೆ ಕಳಿಸುವುದು, ಮಾತ್ರೆಯನ್ನು ಹಂತಹಂತವಾಗಿ ಇಳಿಸಲು ವೈದ್ಯರಿಂದ ಬರೆಸಿಕೊಂಡು ಬರುವಂತೆ ಹೇಳುವುದು.

ಇನ್ನು ಚೀಟಿ ಇದ್ದೂ ಇಲ್ಲದಂತಾಗುವ ಸಂದರ್ಭಗಳಿವೆ. ಮಾಲೀಕರೊಂದಿಗಿನ ಅರ್ಧ ವಾದ ಇಲ್ಲೇ ನಡೆಯುತ್ತದೆ. ನಿಯಮದ ಪ್ರಕಾರ ಚೀಟಿ ಲಿಖಿತವಾಗಿರಬೇಕು, ವೈದ್ಯರ ಸಹಿ ಮತ್ತು ತಾರೀಖು ಇರಬೇಕು, ರೋಗಿಯ ಹೆಸರು ವಿಳಾಸ ಇರಬೇಕು, ಎಷ್ಟು ಔಷಧ, ಯಾವ ಪ್ರಮಾಣ ಎಂಬುದು ಇರಬೇಕು. ಮತ್ತೆ ಕೊಡಬಹುದು ಎಂದು ವೈದ್ಯರು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ. ಕೊಟ್ಟ ಮೇಲೆ ವೈದ್ಯರ ಸಹಿಯ ಮೇಲ್ಗಡೆ ಅಂಗಡಿಯ ಹೆಸರು, ವಿಳಾಸ, ತಾರೀಖು ನಮೂದಿಸಬೇಕು. ಬಹಳ ಅಂಗಡಿಗಳಲ್ಲಿ ಬಿಟ್ಟುಹೋಗುವ ಈ ಮುದ್ರೆಯೇ ಹಳೇ ಚೀಟಿಯ ಮರುಬಳಕೆಗೆ ಇರುವ ಸರಳ ತಡೆ. ಚೀಟಿಯಲ್ಲಿ ಬರೆದ ಎಚ್ ಅಥವಾ ಎಚ್1 ಔಷಧ ಅಂಗಡಿಯಲ್ಲಿ ಇಲ್ಲವೆಂದು ಅದರ ಬದಲು ಬೇರೆಯದನ್ನು ಕೊಡುವಂತೆಯೂ ಇಲ್ಲ, ಒಳಗಿರುವ ಅಂಶ ಒಂದೇ ಆಗಿದ್ದರೂ ಸರಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಚೀಟಿಗಳಿಗೆ 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಒಂದು ಮಿತಿ ಹಾಕಿದೆ: ಷೆಡ್ಯೂಲ್ ಎಕ್ಸ್ ಔಷಧಗಳನ್ನು ಫೋನ್ ಸಮಾಲೋಚನೆಯಲ್ಲಿ ಬರೆಯುವಂತಿಲ್ಲ, ಮಾದಕ ಮತ್ತು ಮನೋಪ್ರಭಾವಿ ಔಷಧಗಳನ್ನೂ ಸಾಮಾನ್ಯವಾಗಿ ಬರೆಯುವಂತಿಲ್ಲ. ಆಲ್ಪ್ರಜೋಲಾಮ್‌ಗೆ ಮೊಬೈಲ್ ತೋರಿಸಿದರೆ ಫಾರ್ಮಸಿಸ್ಟ್ ತಲೆ ಅಲ್ಲಾಡಿಸುವುದು ಇದಕ್ಕೇ.

ಬಿಪಿ ಮಾತ್ರೆಯ ವಿಷಯದಲ್ಲಿ ಮಾಲೀಕರ ಮಾತಿನಲ್ಲೂ ನ್ಯಾಯವಿದೆ. ಹತ್ತು ವರ್ಷದಿಂದ ಒಂದೇ ಮಾತ್ರೆ ನುಂಗುತ್ತಿರುವ ಅಜ್ಜನನ್ನು ತಿಂಗಳಿಗೊಮ್ಮೆ ಚೀಟಿಗಾಗಿ ಡಾಕ್ಟರ ಬಳಿ ಓಡಿಸಿದರೆ ಮಾತ್ರೆಯೇ ತಪ್ಪಿಹೋಗಬಹುದು, ಅದರ ಅಪಾಯ ದೊಡ್ಡದು. ಕಾನೂನಿನೊಳಗೇ ಇದಕ್ಕೆ ದಾರಿ ಇದೆ: ಎಷ್ಟು ಸಲ, ಎಷ್ಟು ದಿನದ ಅಂತರದಲ್ಲಿ ಕೊಡಬಹುದು ಎಂದು ವೈದ್ಯರು ಚೀಟಿಯಲ್ಲೇ ಬರೆದರೆ ಅದೇ ಚೀಟಿ ಮತ್ತೆ ಮತ್ತೆ ಸಲ್ಲುತ್ತದೆ. ಊರಿನ ವೈದ್ಯರಿಗೆ ಈ ವಿಚಾರ ತಿಳಿಸುವ ಕೆಲಸವನ್ನು ಪತ್ರ ಮಾಲೀಕರಿಗೇ ಒಪ್ಪಿಸಬಹುದು. ಊರಿನಲ್ಲಿ ಅವರ ಮಾತಿಗೆ ಬೆಲೆ ಹೆಚ್ಚು.

ಪತ್ರದ ತಿರುಳು ಎಚ್1 ರಿಜಿಸ್ಟರ್. ಈ ಪಟ್ಟಿಯ ಔಷಧ ಕೊಟ್ಟ ಹೊತ್ತಿಗೇ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು, ಕೊಟ್ಟ ಪ್ರಮಾಣ ಇಷ್ಟನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು, ಮೂರು ವರ್ಷ ಇಟ್ಟುಕೊಂಡು, ತಪಾಸಣೆಗೆ ತೋರಿಸಬೇಕು. ಮಾಲೀಕರಿಗೆ ಇದು ಬರೀ ಬರವಣಿಗೆಯ ಕಾಟ ಎನಿಸಬಹುದು. ಇದರ ಬಲ ತಿಳಿಯಬೇಕಾದರೆ ಡ್ರಗ್ ಇನ್ಸ್‌ಪೆಕ್ಟರ್ ಹೇಗೆ ಲೆಕ್ಕ ಹಾಕುತ್ತಾರೆ ಎಂಬುದನ್ನು ನೋಡಬೇಕು. ಅವರು ಗಿರಾಕಿಯ ವೇಷದಲ್ಲಿ ಬರಬೇಕಾಗಿಯೇ ಇಲ್ಲ, ಕೂಡಿಸಿ ಕಳೆದರೆ ಸಾಕು. ಅಂಗಡಿ ಒಂದು ತಿಂಗಳಲ್ಲಿ ಸಗಟು ವ್ಯಾಪಾರಿಯಿಂದ 0.5 ಮಿಲಿಗ್ರಾಂ ಆಲ್ಪ್ರಜೋಲಾಮ್‌ನ 40 ಸ್ಟ್ರಿಪ್ ತರಿಸಿದೆ ಎನ್ನೋಣ. ಖರೀದಿ ಬಿಲ್ ಸಗಟು ವ್ಯಾಪಾರಿಯ ಬಳಿಯೂ ಇರುತ್ತದೆ, ಮುಚ್ಚಿಡಲಾಗದು. ಹಿಂದಿನ ದಾಸ್ತಾನು ಏನೂ ಇರಲಿಲ್ಲ. ರಿಜಿಸ್ಟರಿನಲ್ಲಿ 22 ಸ್ಟ್ರಿಪ್ ಮಾರಾಟ ಕಾಣುತ್ತದೆ, ಕಪಾಟಿನಲ್ಲಿ 6 ಇವೆ. ಉಳಿದ 12 ಸ್ಟ್ರಿಪ್, ಅಂದರೆ 120 ಮಾತ್ರೆ, ಎಲ್ಲಿ ಹೋದವು? ವಾಪಸಾತಿಯ ಬಿಲ್ಲೂ ಇಲ್ಲದಿದ್ದರೆ ಆ ಪ್ರಶ್ನೆಗೆ ಅಂಗಡಿಯಲ್ಲಿ ಯಾರ ಬಳಿಯೂ ಉತ್ತರ ಇರುವುದಿಲ್ಲ.

ಲೆಕ್ಕ ಸರಿದೂಗಿಸಲು ಕೆಲವೆಡೆ ನಡೆಯುವ ಉಪಾಯವೆಂದರೆ ತಿಂಗಳ ಕೊನೆಗೆ ಕುಳಿತು ರಿಜಿಸ್ಟರ್ ತುಂಬಿಸುವುದು. ಹತ್ತಿರದ ಯಾವುದೋ ಡಾಕ್ಟರ ಹೆಸರು, ಬಾಯಿಗೆ ಬಂದ ರೋಗಿಗಳ ಹೆಸರು. ಇದು ಬಯಲಾಗುವುದೂ ಸುಲಭ: ಒಂದೇ ಪೆನ್ನಿನಲ್ಲಿ ಒಂದೇ ಓಟಕ್ಕೆ ಬರೆದ ಪುಟಗಳು, ಬಿಲ್ ಸಾಫ್ಟ್‌ವೇರಿನ ಸಮಯಕ್ಕೆ ಹೊಂದದ ನಮೂದುಗಳು, ಮಕ್ಕಳ ವೈದ್ಯರ ಹೆಸರಿನಲ್ಲಿ ಸಾಲುಸಾಲು ನಿದ್ದೆ ಮಾತ್ರೆ. ಆ ವೈದ್ಯರನ್ನೇ ಕೇಳಿದರೆ ಮುಗಿಯಿತು. ಚೀಟಿ ಇಲ್ಲದೆ ಮಾರಿದ್ದು ಒಂದು ತಪ್ಪು, ಸುಳ್ಳು ದಾಖಲೆ ಅದಕ್ಕಿಂತ ದೊಡ್ಡ ತಪ್ಪು. ಆದ್ದರಿಂದ ಪತ್ರದ ಎರಡನೇ ನಿರಾಕರಣೆ ಮೊದಲನೆಯದಕ್ಕಿಂತ ಗಟ್ಟಿಯಾಗಿರಬೇಕು:

‘ನಾನು ಕೊಡದ ಔಷಧಕ್ಕೆ ರಿಜಿಸ್ಟರಿನಲ್ಲಿ ನಮೂದು ಮಾಡುವುದಿಲ್ಲ, ಸಹಿ ಹಾಕುವುದಿಲ್ಲ. ನನ್ನ ಲಾಗಿನ್ ಬಳಸಿ ಬೇರೆಯವರು ಎಚ್1 ಔಷಧದ ಬಿಲ್ ಮಾಡಬಾರದೆಂದು ಕೋರುತ್ತೇನೆ. ನಾನು ಊಟಕ್ಕೆ ಹೋದಾಗ ಮತ್ತು ರಜೆಯಲ್ಲಿದ್ದಾಗ ಚೀಟಿಯ ಔಷಧಗಳ ಮಾರಾಟ ನಿಲ್ಲಿಸಬೇಕು, ಇಲ್ಲವೇ ಇನ್ನೊಬ್ಬ ನೋಂದಾಯಿತ ಫಾರ್ಮಸಿಸ್ಟರನ್ನು ನೇಮಿಸಬೇಕು.’

ಕೊನೆಯ ವಾಕ್ಯ ಮಾಲೀಕರಿಗೆ ಕಹಿ ಎನಿಸುವಂಥದ್ದು, ಅಂಗಡಿಗಳ ನಿಜ ಸ್ಥಿತಿಯನ್ನು ಮುಟ್ಟುವಂಥದ್ದೂ ಹೌದು. ಗೋಡೆಯ ಮೇಲೆ ಸರ್ಟಿಫಿಕೇಟ್ ತೂಗಿಬಿಟ್ಟು, ತಿಂಗಳಿಗೆ ಇಷ್ಟು ಎಂದು ಅದಕ್ಕೆ ಬಾಡಿಗೆ ಕೊಟ್ಟು, ಮಾಲೀಕರ ಭಾವಮೈದುನನೋ ಕೆಲಸದ ಹುಡುಗನೋ ಔಷಧ ಕೊಡುವ ವ್ಯವಸ್ಥೆ ಯಾರಿಗೂ ಹೊಸತಲ್ಲ. ಅಂಥ ಕಡೆ ಫಾರ್ಮಸಿಸ್ಟ್ ಬರೆದ ನಿರಾಕರಣೆಗೆ ಅರ್ಥವಿಲ್ಲ. ಅಂಗಡಿಯಲ್ಲೇ ಇಲ್ಲದವರು ಯಾವುದನ್ನು ನಿರಾಕರಿಸುತ್ತಾರೆ? ಈ ಪತ್ರ ಬರೆಯುವ ಅರ್ಹತೆ ಕೌಂಟರಿನಲ್ಲಿ ನಿಂತವರಿಗೆ ಮಾತ್ರ.

ಶಿಕ್ಷೆಯ ಪ್ರಸ್ತಾಪ ಪತ್ರದಲ್ಲಿ ಬೇಕೇ ಎಂಬುದು ಬರೆಯುವವರ ವಿವೇಚನೆಗೆ ಬಿಟ್ಟದ್ದು. ಬೆದರಿಕೆಯಂತೆ ಕೇಳಿದರೆ ಕೆಲಸ ಕೆಡುತ್ತದೆ. ಲೆಕ್ಕದಂತೆ ಹೇಳಿದರೆ ವ್ಯಾಪಾರಸ್ಥರಿಗೆ ಬೇಗ ಅರ್ಥವಾಗುತ್ತದೆ. ನಿಯಮ ಮೀರಿದರೆ 66ನೇ ನಿಯಮದಡಿ ಲೈಸೆನ್ಸ್ ಅಮಾನತು ಅಥವಾ ರದ್ದು ಆಗಬಹುದು. ಕಾಯ್ದೆಯ 27(ಡಿ) ಕಲಮಿನಲ್ಲಿ ಒಂದರಿಂದ ಎರಡು ವರ್ಷದ ಸೆರೆ ಮತ್ತು ಕನಿಷ್ಠ 20,000 ರೂಪಾಯಿ ದಂಡದ ಅವಕಾಶವಿದೆ. 2023ರ ತಿದ್ದುಪಡಿಯ ನಂತರ ಈ ಅಪರಾಧವನ್ನು ದಂಡ ಕಟ್ಟಿ ರಾಜಿ ಮಾಡಿಕೊಳ್ಳಲು ದಾರಿ ತೆರೆದಿದೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು.

ಆದರೆ ಟ್ರಮಡಾಲ್ ವಿಷಯ ಅಷ್ಟಕ್ಕೆ ನಿಲ್ಲುವುದಿಲ್ಲ. 2018ರಲ್ಲಿ ಅದನ್ನು ಎನ್‌ಡಿಪಿಎಸ್ ಕಾಯ್ದೆಯ ಮನೋಪ್ರಭಾವಿ ವಸ್ತುಗಳ ಪಟ್ಟಿಗೆ ಸೇರಿಸಿದರು. ಆ ಕಾಯ್ದೆಯಲ್ಲಿ ಶಿಕ್ಷೆ ತೂಕದ ಮೇಲೆ ನಿಂತಿದೆ: ಟ್ರಮಡಾಲ್‌ಗೆ 5 ಗ್ರಾಂವರೆಗೆ ಅಲ್ಪ ಪ್ರಮಾಣ, 250 ಗ್ರಾಂನಿಂದ ಮೇಲೆ ವಾಣಿಜ್ಯ ಪ್ರಮಾಣ. 50 ಮಿಲಿಗ್ರಾಂನ ಹತ್ತು ಮಾತ್ರೆಯ ಒಂದು ಸ್ಟ್ರಿಪ್ಪಿನಲ್ಲಿ ಅರ್ಧ ಗ್ರಾಂ ಟ್ರಮಡಾಲ್ ಇದೆ. ಹತ್ತು ಸ್ಟ್ರಿಪ್ಪಿಗೆ 5 ಗ್ರಾಂ ಆಯಿತು. ಮೇಲಾಗಿ, ಇಂಥ ಪ್ರಕರಣಗಳಲ್ಲಿ ಮಾದಕ ಅಂಶದ ತೂಕವನ್ನಷ್ಟೇ ಅಲ್ಲ, ಮಿಶ್ರಣದ ಒಟ್ಟು ತೂಕವನ್ನು ಎಣಿಸಬೇಕು ಎಂದು 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾತ್ರೆಯೊಳಗಿನ ಪಿಷ್ಟ, ಬಣ್ಣ, ಜೊತೆಗೆ ಸೇರಿಸಿದ ಪ್ಯಾರಾಸಿಟಮಾಲ್ ಎಲ್ಲವೂ ತಕ್ಕಡಿಗೆ ಬಿದ್ದರೆ ಹತ್ತು ಸ್ಟ್ರಿಪ್ ಕೂಡ ಬೇಕಾಗುವುದಿಲ್ಲ. ಚೀಟಿ ಮತ್ತು ರಿಜಿಸ್ಟರಿನ ಬೆಂಬಲ ಇರುವ ಮಾರಾಟಕ್ಕೆ ಈ ಭಯವಿಲ್ಲ. ಬೆಂಬಲ ಇಲ್ಲದ ಮಾರಾಟ ಔಷಧ ಇಲಾಖೆಯ ಕೈಯಿಂದ ಪೊಲೀಸರ ಕೈಗೆ ಹೋಗಬಹುದು. ಸ್ಟ್ರಿಪ್ಪಿನ ಮೇಲೆ ಸಿಗುವ ಕೆಲವೇ ರೂಪಾಯಿ ಲಾಭದ ಪಕ್ಕದಲ್ಲಿ ಈ ಲೆಕ್ಕ ಇಟ್ಟರೆ ‘ಎದುರಿನ ಅಂಗಡಿಯಲ್ಲಿ ಕೊಡ್ತಾರಲ್ಲ’ ಎಂಬ ಮಾತಿಗೆ ಬೇರೆ ಉತ್ತರ ಬೇಕಿಲ್ಲ.

ಪತ್ರದ ಕಟ್ಟುನಿಟ್ಟುಗಳು ಕೆಲವೇ. ತಾರೀಖು, ಫಾರ್ಮಸಿಸ್ಟರ ನೋಂದಣಿ ಸಂಖ್ಯೆ, ಅಂಗಡಿಯ ಲೈಸೆನ್ಸ್ ಸಂಖ್ಯೆ ಇರಲೇಬೇಕು. ಎರಡು ಪ್ರತಿ ಮಾಡಿ ಒಂದರ ಮೇಲೆ ಮಾಲೀಕರಿಂದ ‘ತಲುಪಿದೆ’ ಎಂದು ಸಹಿ ಹಾಕಿಸಿಕೊಳ್ಳಬೇಕು. ಸಹಿ ಹಾಕಲೊಲ್ಲರೆಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬಹುದು. ಗಿರಾಕಿಗಳ ಹೆಸರು ಬರೆಯಬಾರದು. ಯಾರು ಯಾವ ಮಾತ್ರೆ ಕೇಳಿದರು ಎಂಬುದು ಗುಟ್ಟಾಗಿರಬೇಕಾದ ವಿಷಯ. ಹಿಂದೆ ನಡೆದದ್ದನ್ನೆಲ್ಲ ಕೆದಕುವುದಕ್ಕಿಂತ ‘ಇಂದಿನಿಂದ’ ಎಂದು ಬರೆಯುವುದು ಜಾಣತನ, ಮಾಲೀಕರಿಗೂ ಒಪ್ಪಲು ಒಂದು ದಾರಿ ಉಳಿಯುತ್ತದೆ.

ಇಷ್ಟಾದರೂ ಪತ್ರವನ್ನು ರಕ್ಷಾಕವಚವೆಂದು ನಂಬಿಕೊಳ್ಳುವಂತಿಲ್ಲ. ಪತ್ರ ಕೊಟ್ಟ ಮೇಲೂ ಚೀಟಿ ಇಲ್ಲದ ಮಾರಾಟ ಅವರ ಕಣ್ಣೆದುರೇ ತಿಂಗಳುಗಟ್ಟಲೆ ನಡೆದು, ಸಂಬಳ ಎಂದಿನಂತೆ ಬರುತ್ತಿದ್ದರೆ ಅದೇ ಕಾಗದ ‘ಗೊತ್ತಿದ್ದೂ ಸುಮ್ಮನಿದ್ದರು’ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಆಗ ಉಳಿಯುವುದು ಎರಡನೇ ಪತ್ರ, ರಾಜೀನಾಮೆ. ಅದರ ಪ್ರತಿ ಮಾಲೀಕರಿಗಷ್ಟೇ ಅಲ್ಲದೆ ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೂ ಹೋಗಬೇಕು, ಇಲ್ಲದಿದ್ದರೆ ಬಿಟ್ಟುಬಂದ ಅಂಗಡಿಯ ಕಡತದಲ್ಲಿ ಹೆಸರು ಹಾಗೇ ಉಳಿದು ಮುಂದಿನ ಮಾರಾಟಕ್ಕೂ ಅದೇ ಹೆಸರು ಹೊಣೆಯಾಗುತ್ತದೆ. ಅಲ್ಲಿಂದ ಮುಂದೆ, ಬೇರೊಬ್ಬ ನೋಂದಾಯಿತ ಫಾರ್ಮಸಿಸ್ಟ್ ಬಂದು ನಿಲ್ಲುವವರೆಗೆ ಆ ಅಂಗಡಿ ಚೀಟಿಯ ಮೇಲಿನ ಒಂದು ಮಾತ್ರೆಯನ್ನೂ ಕೊಡುವಂತಿಲ್ಲ.